ಕರೆಂಟ್ ಬಿಲ್ ಓನರ್ ಹೆಸರಲ್ಲಿದೆ, ಪಾಸ್‌ಪೋರ್ಟ್‌ಗೆ ಏನು ಕೊಡಲಿ?

ಪ್ರಶ್ನೆ: ನಮ್ಮೂರು ಮಂಡ್ಯದ ಹತ್ತಿರ. ಎರಡು ವರ್ಷದಿಂದ ಮೈಸೂರಿನ ಕುವೆಂಪುನಗರದಲ್ಲಿ ಬಾಡಿಗೆಗೆ ಇದ್ದೇನೆ. ಆಧಾರ್‌ನಲ್ಲಿ ಊರಿನ ವಿಳಾಸವೇ ಇದೆ. ಪಾಸ್‌ಪೋರ್ಟ್‌ಗೆ ಬಾಡಿಗೆ ಅಗ್ರಿಮೆಂಟ್ ಕೊಟ್ಟರೆ ಸಾಕಾ?

ಉತ್ತರ: ನಿಮ್ಮದು ಹನ್ನೊಂದು ತಿಂಗಳಿಗೆ ಬರೆಸಿದ, ನೋಟರಿ ಸೀಲ್ ಹಾಕಿಸಿದ ಅಗ್ರಿಮೆಂಟ್ ಆಗಿದ್ದರೆ ಸಾಲುವುದಿಲ್ಲ. ಪಾಸ್‌ಪೋರ್ಟ್‌ನವರ ಪಟ್ಟಿಯಲ್ಲಿರುವುದು ನೋಂದಣಿಯಾದ ಅಗ್ರಿಮೆಂಟ್. ನೋಟರಿ ಬೇರೆ, ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಬೇರೆ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ. ಅದು ಬೇಡ ಅಂತಲೇ ಓನರ್‌ಗಳು ಹನ್ನೊಂದು ತಿಂಗಳು ಬರೆಸುತ್ತಾರೆ. ನಿಮ್ಮ ಓನರ್ ನೋಂದಣಿಗೆ ಬರಲು ಒಪ್ಪಿದರೆ ಬಹಳ ಒಳ್ಳೆಯದು. ಆದರೆ ಹೆಚ್ಚಿನವರು ಒಪ್ಪುವುದಿಲ್ಲ.

ಕರೆಂಟ್ ಬಿಲ್ ವಿಷಯದಲ್ಲಿ ಜನ ಜಾಸ್ತಿ ಮೋಸ ಹೋಗುವುದು ಗೃಹಜ್ಯೋತಿಯಿಂದ. ನಿಮ್ಮ ಆಧಾರ್ ಅನ್ನು ಆರ್‌ಆರ್ ನಂಬರಿಗೆ ಜೋಡಿಸಿದ್ದೀರಿ, ಸರಿ. ಅಷ್ಟಕ್ಕೇ ಬಿಲ್ ನಿಮ್ಮ ಹೆಸರಿಗೆ ಬರುವುದಿಲ್ಲ. ಬಿಲ್ ತೆಗೆದು ನೋಡಿ, ಓನರ್ ಹೆಸರೇ ಇರುತ್ತದೆ. ಎಷ್ಟೋ ಮನೆಗಳಲ್ಲಿ ತೀರಿಕೊಂಡ ಅವರ ತಂದೆಯ ಹೆಸರಿರುತ್ತದೆ.

ಹಾಗಾಗಿ ನಾನು ಹೇಳುವುದು ಬ್ಯಾಂಕ್ ದಾರಿ. ಚಾಲ್ತಿಯಲ್ಲಿರುವ ಖಾತೆಯ ಫೋಟೊ ಇರುವ ಪಾಸ್‌ಬುಕ್ ಪಾಸ್‌ಪೋರ್ಟ್‌ಗೆ ವಿಳಾಸದ ಪುರಾವೆಯಾಗುತ್ತದೆ. ಖಾತೆ ಸರ್ಕಾರಿ ಬ್ಯಾಂಕಿನದಾಗಲಿ, ಗ್ರಾಮೀಣ ಬ್ಯಾಂಕಿನದಾಗಲಿ ನಡೆಯುತ್ತದೆ. ನಿಮ್ಮ ಶಾಖೆಗೆ ಹೋಗಿ, ಬೆರಳಚ್ಚು ಕೊಟ್ಟು ಆಧಾರ್ ಕೆವೈಸಿ ಮಾಡಿಸಿ. ಆಧಾರ್‌ನಲ್ಲಿ ಊರಿನ ವಿಳಾಸವಿದ್ದರೂ, ಈಗಿರುವ ವಿಳಾಸವನ್ನು ಸ್ವಂತ ಘೋಷಣೆ ಬರೆದು ಕೊಡಲು ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಅವಕಾಶವಿದೆ. ಕೌಂಟರಿನವರು ಕರೆಂಟ್ ಬಿಲ್ಲೇ ಬೇಕು ಅಂದರೆ ಮ್ಯಾನೇಜರ್ ಹತ್ತಿರ ಇದನ್ನೇ ಹೇಳಿ. ವಿಳಾಸ ಬದಲಾದ ಮೇಲೆ ಪಾಸ್‌ಬುಕ್ಕಿನಲ್ಲಿ ಹೊಸದಾಗಿ ಪ್ರಿಂಟ್ ಮಾಡಿಸಿ. ಫೋಟೊ ಅಂಟಿಸಿ, ಅದರ ಮೇಲೆ ಬ್ಯಾಂಕಿನ ಸೀಲ್ ಮತ್ತು ಸಹಿ ಹಾಕಿಸಿ. ಸೀಲ್ ಇಲ್ಲದ ಫೋಟೊ ಸುಮ್ನೆ ಅಂಟಿಸಿದ ಫೋಟೊ ಅಷ್ಟೇ.

ಬರೆಸುವ ಮೊದಲು ಮನೆ ವಿಳಾಸ ಒಂದೇ ರೀತಿ ಇದೆಯಾ ನೋಡಿ. ಮೈಸೂರಿನ ಬಡಾವಣೆಗಳಲ್ಲಿ ಒಂದೇ ಮನೆಗೆ ಹಳೇ ನಂಬರ್, ಹೊಸ ನಂಬರ್ ಎರಡೂ ಇರುವುದುಂಟು. ಅಗ್ರಿಮೆಂಟಿನಲ್ಲಿ ಒಂದು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಆದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಓನರ್ ಹತ್ತಿರ ಮನೆ ಕಂದಾಯದ ರಸೀದಿ ಕೇಳಿ, ಅದರಲ್ಲಿರುವ ನಂಬರ್, ಕ್ರಾಸ್, ಹಂತ, ಪಿನ್‌ಕೋಡ್ ಹಾಗೇ ಎಲ್ಲ ಕಡೆ ಬರೆಯಿರಿ.

ಊರಿನ ವಿಳಾಸವಿರುವ ಆಧಾರ್ ಕೊಟ್ಟು ಮುಗಿಸಿಬಿಡೋಣ ಅಂತ ಅನಿಸಬಹುದು. ಬೇಡ. ಪರಿಶೀಲನೆಗೆ ಪೊಲೀಸರು ಬರುವುದು ನೀವು ಬರೆದ ವಿಳಾಸಕ್ಕೆ, ಅಲ್ವಾ? ಅಲ್ಲಿ ನೀವಿಲ್ಲದಿದ್ದರೆ ವರದಿ ನಿಮ್ಮ ವಿರುದ್ಧ ಹೋಗುತ್ತದೆ. ಕುವೆಂಪುನಗರದ ವಿಳಾಸ ಬರೆದು, ಅವರು ಬಂದಾಗ ಅದೇ ಹನ್ನೊಂದು ತಿಂಗಳ ಅಗ್ರಿಮೆಂಟ್ ತೋರಿಸಿ, ಅಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಓನರಿಗೂ ಪಕ್ಕದ ಮನೆಯವರಿಗೂ ಮೊದಲೇ ಒಂದು ಮಾತು ಹೇಳಿಟ್ಟಿರಿ.