ವೈ-ಫೈ 6 ಮತ್ತು ಸರದಿಯ ಲೆಕ್ಕ

ವೈ-ಫೈ 6 ರೂಟರಿನ ಪೆಟ್ಟಿಗೆಯ ಮೇಲೆ ‘ಎಎಕ್ಸ್ 3000’ ಎಂದು ಅಚ್ಚಾಗಿರುವುದನ್ನು ಕಂಡು, ಮನೆಯ ಇಂಟರ್ನೆಟ್ ಇನ್ನು ಸೆಕೆಂಡಿಗೆ 3000 ಮೆಗಾಬಿಟ್ ವೇಗದಲ್ಲಿ ಓಡುತ್ತದೆಂದು ನಂಬುವವರು ಬಹಳ ಮಂದಿ. ಆ ಸಂಖ್ಯೆ 2.4 ಗಿಗಾಹರ್ಟ್ಸ್ ಬ್ಯಾಂಡಿನ ಗರಿಷ್ಠ ವೇಗವಾದ 574ನ್ನೂ 5 ಗಿಗಾಹರ್ಟ್ಸ್ ಬ್ಯಾಂಡಿನ 2402ನ್ನೂ ಕೂಡಿಸಿ ದುಂಡಗೆ ಮಾಡಿದ ಮೊತ್ತ. ಒಂದು ಫೋನು ಸಾಮಾನ್ಯವಾಗಿ ಒಂದು ಹೊತ್ತಿಗೆ ಈ ಎರಡರಲ್ಲಿ ಒಂದು ಬ್ಯಾಂಡನ್ನಷ್ಟೇ ಬಳಸುತ್ತದೆ, ಅದರಲ್ಲೂ ಕೈಗೆ ದಕ್ಕುವುದು ನಮೂದಾದ ವೇಗದ ಸುಮಾರು ಅರ್ಧದಿಂದ ಮೂರನೇ ಎರಡರಷ್ಟು. ಈ ಮೊತ್ತವನ್ನು ನೋಡಿ ಹಣ ತೆರುವವರಿಗೆ ಹೊಸ ತಲೆಮಾರಿನ ನಿಜವಾದ ಹೆಚ್ಚುಗಾರಿಕೆ ಏನೆಂಬುದೇ ತಿಳಿಯದೆ ಹೋಗುತ್ತದೆ.

ಆ ಹೆಚ್ಚುಗಾರಿಕೆ ಇರುವುದು ಸರದಿಯ ನಿರ್ವಹಣೆಯಲ್ಲಿ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ಅಲೋಹಾನೆಟ್ ಎಂಬ ರೇಡಿಯೊ ಜಾಲದಲ್ಲಿ ಪ್ರತಿಯೊಂದು ಕೇಂದ್ರವೂ ಬೇಕೆನಿಸಿದಾಗ ಸಂದೇಶ ಕಳುಹಿಸುತ್ತಿತ್ತು, ಎರಡು ಸಂದೇಶಗಳು ಡಿಕ್ಕಿಯಾದರೆ ಸ್ವಲ್ಪ ತಡೆದು ಮತ್ತೆ ಕಳುಹಿಸುತ್ತಿತ್ತು. ವೈ-ಫೈ ಇದಕ್ಕೆ ಒಂದು ಶಿಸ್ತನ್ನು ಸೇರಿಸಿತು. ಮೊದಲು ಚಾನೆಲ್ ಖಾಲಿಯಿದೆಯೇ ಎಂದು ಆಲಿಸಬೇಕು, ಖಾಲಿಯಿದ್ದರೂ ಯಾದೃಚ್ಛಿಕವಾಗಿ ಕೆಲವು ಕ್ಷಣ ಕಾಯಬೇಕು, ಅನಂತರ ಕಳುಹಿಸಿ, ತಲುಪಿತೆಂಬ ಉತ್ತರಕ್ಕಾಗಿ ಕಾದಿರಬೇಕು. ವಾಟ್ಸ್ಆ್ಯಪ್ ಕರೆಯೊಂದರ ಧ್ವನಿಯ 200 ಬೈಟಿನ ತುಣುಕನ್ನು ತೆಗೆದುಕೊಳ್ಳೋಣ. ಸೆಕೆಂಡಿಗೆ 600 ಮೆಗಾಬಿಟ್ ವೇಗದಲ್ಲಿ ಅದರ 1600 ಬಿಟ್‌ಗಳು ಸಾಗಲು ಮೂರು ಮೈಕ್ರೊಸೆಕೆಂಡೂ ಬೇಡ, ಆದರೆ ಆಲಿಸುವುದು, ಕಾಯುವುದು, ಪೀಠಿಕೆಯ ಸಂಕೇತ ಮತ್ತು ಉತ್ತರ ಸೇರಿ ನೂರಕ್ಕೂ ಹೆಚ್ಚು ಮೈಕ್ರೊಸೆಕೆಂಡುಗಳು ಕಳೆಯುತ್ತವೆ. ವೇಗವನ್ನು ಇಮ್ಮಡಿ ಮಾಡಿದರೆ ಉಳಿಯುವುದು ಆ ಮೂರರಲ್ಲಿ ಅರ್ಧ ಮಾತ್ರ.

2019ರಿಂದ ಪ್ರಮಾಣೀಕರಣ ಪಡೆಯತೊಡಗಿದ ವೈ-ಫೈ 6 ಕೈಹಾಕಿದ್ದು ಈ ವ್ಯರ್ಥ ಕಾಲಕ್ಕೆ. ಬೀದಿ ನಲ್ಲಿಯ ಮುಂದೆ ಲೋಟ ಹಿಡಿದವರೂ ಕೊಡ ಹಿಡಿದವರೂ ಒಂದೇ ಸಾಲಿನಲ್ಲಿ ನಿಂತು, ಪ್ರತಿಯೊಬ್ಬರೂ ಇಡೀ ನಲ್ಲಿಯನ್ನು ತಿರುಗಿಸಿ ಮುಚ್ಚುವುದು ಹಳೆಯ ಕ್ರಮವಾದರೆ, ಆ ನಲ್ಲಿಗೆ ಸಣ್ಣ ಸಣ್ಣ ಕೊಳವೆಗಳನ್ನು ಜೋಡಿಸಿ ಲೋಟದವರೆಲ್ಲರಿಗೂ ಒಮ್ಮೆಗೇ ನೀರು ಬಿಡುವುದು ಹೊಸ ಕ್ರಮ. ಒಎಫ್‌ಡಿಎಂಎ ಎಂದು ಕರೆಯುವ ಈ ವಿಧಾನದಲ್ಲಿ 20 ಮೆಗಾಹರ್ಟ್ಸ್ ಅಗಲದ ಒಂದು ಚಾನೆಲನ್ನು ಒಂಬತ್ತು ಪಾಲುಗಳವರೆಗೆ ಒಡೆದು ಒಂಬತ್ತು ಸಾಧನಗಳಿಗೆ ಒಂದೇ ಸರದಿಯಲ್ಲಿ ಹಂಚಬಹುದು. ಹಂಚುವ ರೂಟರ್ ಮಾತ್ರವಲ್ಲದೆ ಪಡೆಯುವ ಫೋನು ಕೂಡ ವೈ-ಫೈ 6ರದಾಗಿರಬೇಕು ಎಂಬುದನ್ನು ಮಾತ್ರ ಅಂಗಡಿಯಲ್ಲಿ ಯಾರೂ ಒತ್ತಿ ಹೇಳುವುದಿಲ್ಲ. ಹಳೆಯ ಫೋನುಗಳಿಗೆ ಹಳೆಯ ಸಾಲೇ ಗತಿ. ಹೊಸ ರೂಟರಿನ ಅಲೆ ಹೆಚ್ಚು ದೂರ ಹೋಗುತ್ತದೆ ಎಂಬ ನಂಬಿಕೆಗೂ ಆಧಾರವಿಲ್ಲ, ಏಕೆಂದರೆ ಪ್ರಸಾರದ ಶಕ್ತಿಯ ಮಿತಿಯನ್ನು ಗೊತ್ತುಮಾಡುವುದು ಸರ್ಕಾರದ ನಿಯಮವೇ ಹೊರತು ವೈ-ಫೈ ತಲೆಮಾರಲ್ಲ.

ಹಾಗಾದರೆ ಖರ್ಚು ಸಾರ್ಥಕವೇ? ಬೆಂಗಳೂರಿನ ಎರಡು ಕೋಣೆಗಳ ಒಂದು ಫ್ಲ್ಯಾಟಿಗೆ ಸೆಕೆಂಡಿಗೆ 100 ಮೆಗಾಬಿಟ್‌ನ ಫೈಬರ್ ಸಂಪರ್ಕವಿದೆ ಎಂದುಕೊಳ್ಳೋಣ. ಅಲ್ಲಿ 2.4 ಗಿಗಾಹರ್ಟ್ಸ್ ಮಾತ್ರ ಇರುವ, ಒಂದೇ ಆಂಟೆನಾದ ವೈ-ಫೈ 4 ರೂಟರ್ ಇದ್ದರೆ, 20 ಮೆಗಾಹರ್ಟ್ಸ್ ಚಾನೆಲಿನಲ್ಲಿ ಅದರ ಗರಿಷ್ಠ ವೇಗ 72 ಮೆಗಾಬಿಟ್, ಕೈಗೆ ದಕ್ಕುವುದು ನಲವತ್ತರ ಆಸುಪಾಸು. ಜೊತೆಗೆ ನೆರೆಮನೆಗಳ ರೂಟರುಗಳೂ ಒಂದನ್ನೊಂದು ಮುಟ್ಟದ ಮೂರೇ ಚಾನೆಲುಗಳಲ್ಲಿ ಸರದಿಗೆ ನಿಂತಿರುತ್ತವೆ. ಇಲ್ಲಿ ರೂಟರ್ ಬದಲಿಸುವುದು ಖಂಡಿತ ಸರಿ. ಅದೇ ಮನೆಯಲ್ಲಿ ಎರಡು ಬ್ಯಾಂಡುಗಳ, ಎರಡು ಆಂಟೆನಾಗಳ ವೈ-ಫೈ 5 ರೂಟರ್ ಇದ್ದರೆ 5 ಗಿಗಾಹರ್ಟ್ಸ್‌ನಲ್ಲಿ 866 ಮೆಗಾಬಿಟ್ ಸಂಪರ್ಕ ಸಿಗುತ್ತದೆ. ಗೋಡೆಯಾಚೆ ಅದು ಮೂರನೇ ಒಂದಕ್ಕೆ ಇಳಿದರೂ ಫೈಬರ್ ತರುವ ನೂರಕ್ಕೆ ಸಾಕು. ಮನೆಯಲ್ಲಿರುವುದು ನಾಲ್ಕೈದು ಸಾಧನಗಳಾದರೆ ವೈ-ಫೈ 6ಕ್ಕೆ ತೆರುವ ಹಣದಿಂದ ಗೋಚರಿಸುವ ವ್ಯತ್ಯಾಸ ಬಹುಮಟ್ಟಿಗೆ ಏನೂ ಇರದು.

ತೊಂದರೆ ಎಲ್ಲಿದೆ ಎಂದು ತಿಳಿಯಲು ಮೊದಲು ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ರೂಟರಿಗೆ ಜೋಡಿಸಿ ವೇಗ ಅಳೆಯಬೇಕು. ಆಗಲೂ ವೇಗ ಕಡಿಮೆಯಿದ್ದರೆ ಮೊದಲು ವಿಚಾರಿಸಬೇಕಾದದ್ದು ಸಂಪರ್ಕ ಕೊಟ್ಟವರನ್ನು. ಸಂಪರ್ಕ ನೂರಕ್ಕಿಂತ ಹೆಚ್ಚಿನದಾಗಿದ್ದು ಅಳತೆ 95ರ ಹತ್ತಿರವೇ ನಿಲ್ಲುತ್ತಿದ್ದರೆ, ರೂಟರಿನ ಕೇಬಲ್ ಕಿಂಡಿ 100 ಮೆಗಾಬಿಟ್‌ನದು ಎಂದು ಬಹುತೇಕ ಹೇಳಬಹುದು. ಕೇಬಲ್ಲಿನಲ್ಲಿ ಸರಿಯಿದ್ದು ಕೋಣೆಯಲ್ಲಿ ಕಡಿಮೆಯಾದರೆ, ವಿಂಡೋಸ್‌ನಲ್ಲಿ ಈ ಆಜ್ಞೆಯನ್ನು ಕೊಡಬೇಕು:

```
netsh wlan show interfaces
```

ಅದು ತೋರಿಸುವ Radio type ಎಂಬಲ್ಲಿ 802.11n ಎಂದಿದ್ದರೆ ಸಂಪರ್ಕ ವೈ-ಫೈ 4ರದು, 802.11ac ಎಂದಿದ್ದರೆ 5ರದು, 802.11ax ಎಂದಿದ್ದರೆ 6ರದು. ರೂಟರಿನ ಪಕ್ಕದಲ್ಲಿ Receive rate ಚೆನ್ನಾಗಿದ್ದು ಕೋಣೆಗೆ ಹೋದಾಗ ಕುಸಿದರೆ ದೋಷ ಗೋಡೆಯದು. ಅದಕ್ಕೆ ರೂಟರನ್ನು ಮನೆಯ ನಡುವಿಗೆ ತರುವುದು, ಇಲ್ಲವೇ ಕೇಬಲ್ ಎಳೆದು ಎರಡನೆಯದನ್ನು ಇಡುವುದು ಪರಿಹಾರ.

ಮೂವತ್ತು ನಲವತ್ತು ಸಾಧನಗಳಿರುವ ಕಚೇರಿ ಅಥವಾ ಪಿಜಿಗೆ ಈ ಲೆಕ್ಕ ಬೇರೆ. ಅಲ್ಲಿ ಸರದಿಯೇ ಸಮಸ್ಯೆಯಾದ್ದರಿಂದ, ಹೆಚ್ಚಿನ ಫೋನುಗಳು ಹೊಸವಾಗಿದ್ದರೆ ವೈ-ಫೈ 6 ತನ್ನ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ. ಮನೆಯ ಮಟ್ಟಿಗೆ ವೇಗದ ಚಿಂತೆಯೇ ಇಲ್ಲದಿದ್ದರೂ ಹಳೆಯದನ್ನು ಕಳಚಬೇಕಾದ ಒಂದು ಸಂದರ್ಭವಿದೆ. ತಯಾರಕರು ಭದ್ರತಾ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ ರೂಟರಿನಲ್ಲಿ ಪತ್ತೆಯಾದ ಬಿರುಕುಗಳು ತೆರೆದೇ ಉಳಿಯುತ್ತವೆ, ಮನೆಯ ಎಲ್ಲ ಸಾಧನಗಳ ಮಾಹಿತಿಯೂ ಅದರ ಮೂಲಕವೇ ಹಾದುಹೋಗುತ್ತದೆ.