ಪ್ಲೇನ್ ಇಂಗ್ಲಿಷ್ ಅಂದ್ರೆ ಏನು? ಒಂದು ಕಾಫಿ ಮೇಲ್ ಇಟ್ಕೊಂಡು ನೋಡೋಣ

ಪ್ಲೇನ್ ಇಂಗ್ಲಿಷ್ ಅಂದ್ರೆ ಮಕ್ಕಳ ಇಂಗ್ಲಿಷ್ ಅಲ್ಲ. ಓದೋರು ಒಂದೇ ಸಲ ಓದಿ, ನಾನೀಗ ಏನ್ ಮಾಡಬೇಕು ಅಂತ ತಿಳ್ಕೊಳ್ಳೋ ಹಾಗೆ ಬರೆಯೋದು. ನಮಗೂ ಇಂಗ್ಲಿಷ್ ಎರಡನೇ ಭಾಷೆ, ಆ ಕಡೆ ಓದೋರಿಗೂ ಎರಡನೇದೇ ಆಗಿದ್ರೆ ಇದರ ಬೆಲೆ ಗೊತ್ತಾಗುತ್ತೆ.

ಚಿಕ್ಕಮಗಳೂರಿನಲ್ಲಿ ಕಾಫಿ ಬೀಜದ ಸಿಪ್ಪೆ ತೆಗೆದು ಗ್ರೇಡ್ ಮಾಡೋ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಾನು ಮೇಲ್ ನೋಡ್ಕೊಳ್ತಿದ್ದಾಗ ಕಾಲವಲ್ಲದ ಮಳೆ ಬಂದು ಕಾಫಿ ಒಣಗೋದು ತಡ ಆಯ್ತು. ಇಟಲಿಯ ಬಯ್ಯರ್‌ಗೆ ಉದ್ದಕ್ಕೆ ಒಂದೇ ವಾಕ್ಯದಲ್ಲಿ ಮಳೆ, ಲಾಟು, ಕ್ಷಮೆ ಎಲ್ಲಾ ತುಂಬಿ ಕೊನೇಲಿ 'ಕೈಂಡ್ಲಿ ಡು ದ ನೀಡ್‌ಫುಲ್ ಅಂಡ್ ರಿವರ್ಟ್' ಅಂತ ಕಳಿಸಿದೆ. ಅವ್ರು 'ಓಕೆ, ಥ್ಯಾಂಕ್ಸ್' ಅಂದ್ರು, ನಾನು ಒಪ್ಕೊಂಡ್ರು ಅಂದ್ಕೊಂಡೆ. ಆದ್ರೆ ನಮ್ಮ ಕಂಟ್ರಾಕ್ಟ್ ಎಫ್‌ಒಬಿ, ಅಂದ್ರೆ ಹಡಗಲ್ಲಿ ಜಾಗ ಬುಕ್ ಮಾಡೋದು ಬಯ್ಯರ್ ಕೆಲಸ, ಅವ್ರು ಹಳೇ ಬುಕಿಂಗನ್ನ ಹಾಗೇ ಬಿಟ್ಟಿದ್ರು. ತಪ್ಪು ಅವರದ್ದಲ್ಲ, 'ನೀಡ್‌ಫುಲ್' ಅಂದ್ರೆ ಯಾವುದು ಅಂತ ನಾನು ಹೇಳೇ ಇರಲಿಲ್ಲ. 'ರಿವರ್ಟ್' ಅನ್ನೋದು ನಮ್ಮಲ್ಲಿ ಉತ್ತರ ಕೊಡಿ ಅಂತ, ಹೊರಗಡೆ ತುಂಬಾ ಜನಕ್ಕೆ ಹಿಂದಿನ ಸ್ಥಿತಿಗೆ ಮರಳೋದು ಅಂತ.

ಆ ಲಾಟು ಪ್ಲಾಂಟೇಷನ್ ಎ ಅನ್ನೋ ಗ್ರೇಡಿನ ಕಾಫಿ. ಅದೇ ವಿಷಯನ ಹೀಗೆ ಬರೀಬಹುದಿತ್ತು: 'ದ ಪ್ಲಾಂಟೇಷನ್ ಎ ಲಾಟ್ ಈಸ್ ನಾಟ್ ರೆಡಿ. ಇಟ್ ವಿಲ್ ಬಿ ರೆಡಿ ಆನ್ 20 ಫೆಬ್ರವರಿ. ಪ್ಲೀಸ್ ಚೇಂಜ್ ದ ಶಿಪ್ ಬುಕಿಂಗ್. ಪ್ಲೀಸ್ ಸೆಂಡ್ ಅಸ್ ದ ನ್ಯೂ ಡೇಟ್ ಬೈ 5 ಫೆಬ್ರವರಿ.' ಒಂದೊಂದು ವಾಕ್ಯದಲ್ಲಿ ಒಂದೊಂದೇ ವಿಷಯ, ಮಳೆ ಕಥೆ ಬೇಕಿದ್ರೆ ಕೆಳಗೆ ಬರ್ಲಿ. ತಿಂಗಳನ್ನ ಅಕ್ಷರದಲ್ಲೇ ಬರೀರಿ, 05/02 ಅಂದ್ರೆ ನಮಗೆ ಫೆಬ್ರವರಿ 5, ಅಮೆರಿಕದವರಿಗೆ ಮೇ 2. ಒಂದು ಸಲ ಶಿಪ್‌ಮೆಂಟ್, ಇನ್ನೊಂದು ಸಲ ಕನ್ಸೈನ್‌ಮೆಂಟ್ ಅಂತ ಬದಲಾಯಿಸ್ಬೇಡಿ, ಅವ್ರು ಎರಡು ಬೇರೆ ಮಾಲು ಅಂದ್ಕೊಂಡುಬಿಡ್ತಾರೆ.

ಚಿಕ್ಕದು ಮಾಡ್ಬೇಕು ಅಂತ ಪದಗಳನ್ನ ಕತ್ತರಿಸೋದೂ ಸರಿಯಲ್ಲ. 'ಸ್ಯಾಂಪಲ್ ಅಪ್ರೂವ್ಡ್' ಅಂತಷ್ಟೇ ಬರೆದ್ರೆ ಯಾರು ಅಪ್ರೂವ್ ಮಾಡಿದ್ರು, ನಾವಾ ಅವ್ರಾ? 'ಯು ಅಪ್ರೂವ್ಡ್ ದ ಸ್ಯಾಂಪಲ್' ಅಂದ್ರೆ ಪದ ಜಾಸ್ತಿ, ಅನುಮಾನ ಇಲ್ಲ. ಹಾಗೇ ಪ್ಲಾಂಟೇಷನ್ ಎ, ಹಡಗಿಗೆ ಮಾಲು ಹಾಕಿದ್ದಕ್ಕೆ ಕೊಡೋ ಪತ್ರವಾದ ಬಿಲ್ ಆಫ್ ಲೇಡಿಂಗ್ ಥರದ ವ್ಯಾಪಾರದ ಪದಗಳನ್ನ ಬಿಡಿಸಿ ಹೇಳೋಕೆ ಹೋಗ್ಬೇಡಿ, ಬಯ್ಯರ್‌ಗೆ ಅವು ದಿನದ ಮಾತು, ನೀವು ಸುತ್ತಿ ಹೇಳಿದ್ರೇನೇ ಗೊಂದಲ.

ಅರ್ಥ ಆಗಿಲ್ಲ ಅನ್ನೋದು ಉತ್ತರದಲ್ಲೇ ಕಾಣುತ್ತೆ. ಎರಡು ಪ್ರಶ್ನೆ ಕೇಳಿದ್ದಕ್ಕೆ ಒಂದಕ್ಕೇ ಉತ್ತರ ಬಂದ್ರೆ, ಇಲ್ಲಾ ಬರೀ 'ಓಕೆ' ಬಂದ್ರೆ, ಇನ್ನೊಂದು ಮೇಲ್ ಹಾಕಿ. ಅದ್ರಲ್ಲಿ 'ಈಸ್ ಇಟ್ ಓಕೆ?' ಅಂತ ಕೇಳ್ಬೇಡಿ, 'ವಿಚ್ ಡೇಟ್ ಈಸ್ ದ ನ್ಯೂ ಬುಕಿಂಗ್?' ಅಂತ ಕೇಳಿ, ಅದಕ್ಕೆ ತಾರೀಕು ಬರೆಯದೆ ಉತ್ತರ ಕೊಡೋಕಾಗಲ್ಲ.