ತಲೆಯ ಕಲೆಗೆ ಮಲೇರಿಯಾ ಗುಳಿಗೆ ಯಾಕೆ?

ವಾಸ್ಕೋದ ನಮ್ಮ ಮೆಡಿಕಲ್ ಅಂಗಡಿಗೆ ಗದಗ ಕಡೆಯ ಒಬ್ಬ ಅಕ್ಕ ಬರುತ್ತಾರೆ. ಬೈನಾದಲ್ಲಿ ಮನೆ, ಕಟ್ಟಡದ ಕೆಲಸ. ಒಂದು ಸಂಜೆ ದೊಡ್ಡಾಸ್ಪತ್ರೆಯ ಚೀಟಿ ಕೊಟ್ಟರು. ಔಷಧಿಯ ಹೆಸರು ಹೈಡ್ರಾಕ್ಸಿಕ್ಲೋರೋಕ್ವಿನ್. ಪಕ್ಕದಲ್ಲಿದ್ದ ಮಗ ಫೋನಿನಲ್ಲಿ ಹುಡುಕಿ, ಇದು ಮಲೇರಿಯಾದ್ದು ಅಂದುಬಿಟ್ಟ. ಅಕ್ಕನಿಗೆ ಸಿಟ್ಟು ಬಂತು. "ತಮ್ಮಾ, ನನಗ ಜ್ವರಾ ಇಲ್ಲ, ಚಳಿ ಇಲ್ಲ. ತಲಿ ಮ್ಯಾಲಿನ ಕಲಿಗೆ ಈ ಗುಳಿಗಿ ಯಾಕ?"

ಅವರ ಸಿಟ್ಟು ಸಹಜವೇ. ಗೋವಾದಲ್ಲಿ ಕಟ್ಟಡ ಕೆಲಸಕ್ಕೆ ಬಂದವರಿಗೆ ಮಲೇರಿಯಾ ತಪಾಸಣೆ, ರಕ್ತ ಪರೀಕ್ಷೆ, ಹೆಲ್ತ್ ಕಾರ್ಡು ಎಲ್ಲ ಗೊತ್ತು. ಆ ಕಹಿ ಗುಳಿಗೆಯ ಪರಿಚಯವೂ ಇದೆ. ಅದು ತಲೆಯ ಕಲೆಗೆ ಹೇಗೆ ಬಂತು ಅನ್ನೋದಕ್ಕೆ ನೂರು ವರ್ಷಕ್ಕೂ ಜಾಸ್ತಿಯ ಕಥೆ ಇದೆ.

ಅಕ್ಕನ ಕಲೆ ಬೈತಲೆಯ ಜಾಗದಲ್ಲಿ ಶುರುವಾಗಿತ್ತು. ಮೊದಲು ಸಣ್ಣ ಉರಿ, ತುರಿಕೆ, ಗಟ್ಟಿಯಾಗಿ ಅಂಟಿಕೊಂಡ ಹೊಟ್ಟು. ಬಿಳಿ ಚರ್ಮದವರಲ್ಲಿ ಇಂಥ ಕಲೆ ಕೆಂಪಾಗಿ ಕಾಣುತ್ತದೆ. ನಮ್ಮ ಬಣ್ಣದಲ್ಲಿ ಅದು ನೇರಳೆ ಅಥವಾ ಕಂದು, ಹಾಗಾಗಿ ಬೇಗ ಗಮನಕ್ಕೆ ಬರುವುದಿಲ್ಲ. ಕೂದಲು ಉದುರಿದ ಮೇಲೆ ಪಕ್ಕದ ಮನೆಯವರು "ಹುಳ ತಿಂದೈತಿ" ಅಂದರು. ಯಾವುದೋ ಅಂಗಡಿಯಲ್ಲಿ ಹುಳುಕಡ್ಡಿಯ ಮುಲಾಮು ಕೊಟ್ಟರು. ಅಂಥ ಎಷ್ಟೋ ಮುಲಾಮುಗಳಲ್ಲಿ ಸ್ಟೆರಾಯ್ಡ್ ಬೆರೆತಿರುತ್ತದೆ. ಅದರಿಂದ ಸ್ವಲ್ಪ ದಿನ ಉರಿ ತಗ್ಗಿತು, ಬಿಟ್ಟ ಕೂಡಲೇ ಮರಳಿತು. ಹೀಗೆ ನಾಲ್ಕು ತಿಂಗಳು ಹೋಯಿತು. ಅಷ್ಟರಲ್ಲಿ ಕಲೆಯ ನಡುವೆ ಬಿಳಿಯಾಗಿ, ನುಣ್ಣಗೆ, ತುಸು ತಗ್ಗಾಯಿತು. ಆಗ ಇನ್ಯಾರೋ ತೊನ್ನು ಅಂದರು, ಮತ್ತೊಬ್ಬರು ಕುಷ್ಠ ಇರಬಹುದು ಅಂದರು. ಅಕ್ಕ ಒಂದು ವಾರ ಮನೆಯಿಂದ ಹೊರಗೆ ಬರಲಿಲ್ಲ.

ಆ ನಾಲ್ಕು ತಿಂಗಳ ನಷ್ಟ ಎಂಥದ್ದು ಅಂತ ತಿಳಿಯಬೇಕಾದರೆ ಕೂದಲ ಬುಡ ನೋಡಬೇಕು. ಗುಂಡಗೆ ಕೂದಲು ಉದುರುವ ಸಾಮಾನ್ಯ ಕಾಯಿಲೆಯಲ್ಲಿ ದಾಳಿ ಆಗುವುದು ಕೂದಲಿನ ಬುಡದ ಗೆಡ್ಡೆಯ ಮೇಲೆ. ಅಲ್ಲಿ ಕೂದಲು ಮತ್ತೆ ಹುಟ್ಟಬಹುದು. ಅಕ್ಕನಿಗೆ ಬಂದದ್ದು ಡಿಸ್ಕಾಯ್ಡ್ ಲೂಪಸ್. ಇದರಲ್ಲಿ ನಮ್ಮದೇ ರಕ್ಷಣಾ ಕಣಗಳು ಚರ್ಮದ ಮೇಲೆ ತಿರುಗಿಬೀಳುತ್ತವೆ. ಕೂದಲ ಕೊಳವೆಯ ನಡುಭಾಗದಲ್ಲಿ ಹೊಸ ಕೂದಲಿಗೆ ಬೀಜದಂತಿರುವ ಕಣಗಳಿವೆ. ಉರಿಯೂತ ಅವನ್ನು ಸುಟ್ಟರೆ ಕೊಳವೆಯೇ ಮುಚ್ಚಿ ಗಾಯದ ಗುರುತಾಗುತ್ತದೆ. ಆಮೇಲೆ ಯಾವ ಎಣ್ಣೆ ಹಚ್ಚಿದರೂ ಅಲ್ಲಿ ಕೂದಲು ಬರುವುದಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಮೊದಲು ನೋಡಿದ್ದು ಕಿವಿಯ ಒಳಗುಳಿ. ಅಲ್ಲಿಯೂ ಕಪ್ಪು ಚುಕ್ಕೆಗಳಂತೆ ರಂಧ್ರಗಳು ಕಟ್ಟಿಕೊಂಡಿದ್ದವು. ಅದು ಈ ಕಾಯಿಲೆಯ ಒಳ್ಳೆಯ ಸುಳಿವು. ಹೊಟ್ಟಿನ ಒಂದು ಚೂರು ಎತ್ತಿ ಅದರ ಹಿಂಬದಿ ತೋರಿಸಿದರು. ಹಲಸಿನ ಸಿಪ್ಪೆಯ ಹಾಗೆ ಸಣ್ಣ ಮುಳ್ಳುಗಳು! ಕೂದಲ ರಂಧ್ರದೊಳಗೆ ಇಳಿದಿದ್ದ ಬಿರಡೆಗಳವು. ಮನೆಯಲ್ಲಿ ಹೀಗೆ ಕೀಳಬಾರದು, ಕೆರೆತವೇ ಹೊಸ ಕಲೆಗೆ ದಾರಿ. ಆಮೇಲೆ ಮರಗಟ್ಟಿಸಿ, ಕಲೆಯ ಅಂಚಿನಿಂದ 4 ಮಿಲಿಮೀಟರ್ ಚರ್ಮ ತೆಗೆದು ಬಯಾಪ್ಸಿಗೆ ಕಳಿಸಿದರು. ನಡುವಿನ ಬಿಳಿ ಜಾಗದಿಂದ ತೆಗೆದರೆ ಹಳೆಯ ಗಾಯ ಮಾತ್ರ ಕಾಣುತ್ತದೆ. ಕಾಯಿಲೆ ಬದುಕಿರುವುದು ಅಂಚಿನಲ್ಲಿ. ಲೂಪಸ್ ಮೈಯೊಳಗೂ ಇದೆಯಾ ಅಂತ ರಕ್ತ, ಮೂತ್ರ ಪರೀಕ್ಷೆಯೂ ಆಯಿತು. ಇರಲಿಲ್ಲ. ಆದರೆ ಕೆಲವರಲ್ಲಿ ಮುಂದೆ ಕೀಲು, ಮೂತ್ರಪಿಂಡಕ್ಕೆ ಹಬ್ಬುವುದುಂಟು. ಅದಕ್ಕೇ ಈ ಪರೀಕ್ಷೆಗಳನ್ನು ಆಗಾಗ ಮಾಡಿಸಬೇಕು.

ಈಗ ಗುಳಿಗೆಯ ಕಥೆ. ಲೂಪಸ್ ಅಂದರೆ ಲ್ಯಾಟಿನ್‌ನಲ್ಲಿ ತೋಳ. ಮುಖ ತಿಂದುಹಾಕುವ ಹುಣ್ಣುಗಳಿಗೆ ಯುರೋಪಿನಲ್ಲಿ ಹಿಂದಿನಿಂದಲೂ ಆ ಹೆಸರಿತ್ತು. ಚರ್ಮದ ಕ್ಷಯವನ್ನೂ ಹಾಗೇ ಕರೆಯುತ್ತಿದ್ದರು. 1851ರಲ್ಲಿ ಪ್ಯಾರಿಸ್ಸಿನ ಕಾಜೆನಾವ್ ಈ ಕೆಂಪು ಕಲೆಯ ಕಾಯಿಲೆಗೆ ಲೂಪಸ್ ಎರಿಥಿಮಟೋಸಸ್ ಅಂತ ಬೇರೆ ಹೆಸರಿಟ್ಟರು. 1872ರಲ್ಲಿ ವಿಯೆನ್ನಾದ ಕಪೋಸಿ, ಚರ್ಮದಲ್ಲೇ ನಿಲ್ಲುವ ಬಗೆ ಬೇರೆ, ಮೈಗೆಲ್ಲ ಹಬ್ಬುವ ಬಗೆ ಬೇರೆ ಅಂತ ತೋರಿಸಿದರು. ಔಷಧಿ ಮಾತ್ರ ಸಿಕ್ಕಿರಲಿಲ್ಲ. 1894ರಲ್ಲಿ ಲಂಡನ್ನಿನ ಡಾಕ್ಟರ್ ಪೇನ್ ಮಲೇರಿಯಾದ ಕ್ವಿನೈನ್ ಕೊಟ್ಟು ನೋಡಿದರು, ಗುಣ ಕಂಡಿತು. ಆದರೂ ಅದು ಮೂಲೆಗೆ ಸೇರಿತು.

ಅದನ್ನು ಮತ್ತೆ ಎತ್ತಿಕೊಟ್ಟದ್ದು ಯುದ್ಧ. 1942ರಲ್ಲಿ ಜಾವಾ ಜಪಾನಿನ ಕೈಗೆ ಹೋಯಿತು. ಕ್ವಿನೈನ್ ಕೊಡುವ ಸಿಂಕೋನಾ ತೊಗಟೆಯೂ ಅದರ ಜೊತೆ ಹೋಯಿತು. ಮಿತ್ರಪಡೆಗಳ ಸೈನಿಕರಿಗೆ ಬದಲಿಯಾಗಿ ಮೆಪಾಕ್ರಿನ್ ಅನ್ನೋ ಗುಳಿಗೆ ಕೊಟ್ಟರು. ಅದರಿಂದ ಮೈ ಹಳದಿಯಾಗುತ್ತಿತ್ತು. ಆದರೆ ಲೂಪಸ್ ಕಲೆ ಇದ್ದ ಸೈನಿಕರ ಚರ್ಮ ತಿಳಿಯಾಯಿತು. 1951ರಲ್ಲಿ ಪೇಜ್ ಎಂಬ ಡಾಕ್ಟರು 18 ಲೂಪಸ್ ರೋಗಿಗಳಿಗೆ ಅದನ್ನು ಕೊಟ್ಟ ಅನುಭವ ಬರೆದರು. 1955ರಲ್ಲಿ ಅಮೆರಿಕದಲ್ಲಿ ಇನ್ನೊಂದು ಮಲೇರಿಯಾ ಮದ್ದಿಗೆ, ಅಂದರೆ ಅಕ್ಕನ ಚೀಟಿಯಲ್ಲಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ನಿಗೆ, ಒಪ್ಪಿಗೆ ಸಿಕ್ಕಿತು. 2020ರ ಮಾರ್ಚಿನಲ್ಲಿ, ಕೊರೊನಾಕ್ಕೆ ಇದೇ ಮದ್ದು ಅಂತ ಜನ ಮುಗಿಬಿದ್ದಾಗ, ಚೀಟಿ ಇಲ್ಲದೆ ಮಾರಬಾರದು ಅಂತ ಸರ್ಕಾರ ಕಟ್ಟುನಿಟ್ಟು ಮಾಡಿತು. ಆಗ ನಮ್ಮ ಲೂಪಸ್ ರೋಗಿಗಳು ಖಾಲಿ ಕೈಯಲ್ಲಿ ವಾಪಸು ಹೋದದ್ದು ಇನ್ನೂ ನನ್ನನ್ನು ಕಾಡುತ್ತದೆ.

ಅಕ್ಕನಿಗೆ ನಾನು ಹೇಳಿದ್ದು ಇಷ್ಟು. ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ಚರ್ಮದ ಕೆಲವು ಕಣ ಸಾಯುತ್ತವೆ. ಬೇರೆಯವರಲ್ಲಿ ಆ ಕಸ ಸುಮ್ನೆ ಗುಡಿಸಿ ಹೋಗುತ್ತದೆ. ನಿಮ್ಮ ಮೈ ಅದನ್ನು ಕಂಡು ಕಳ್ಳ ಬಂದ ಅಂತ ಕೂಗೆಬ್ಬಿಸುತ್ತದೆ. ಈ ಗುಳಿಗೆ ಆ ಕೂಗನ್ನು ತಗ್ಗಿಸುತ್ತದೆ. ಅದಕ್ಕೆ ಎರಡು ಮೂರು ತಿಂಗಳು ಬೇಕು, ನಡುವೆ ಬಿಡಬೇಡಿ. ದಿನದ ಪ್ರಮಾಣ ತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ ದಾಟಬಾರದು. ಅಕ್ಕನ ತೂಕ 50 ಕಿಲೋ, ಅಂದರೆ 250ರ ಒಳಗೆ. ಅದಕ್ಕೇ ಡಾಕ್ಟರು ದಿನಕ್ಕೆ 200ರ ಒಂದು ಗುಳಿಗೆ ಬರೆದಿದ್ದರು. ವರ್ಷಗಟ್ಟಲೆ ನುಂಗಿದರೆ ಕಣ್ಣಿನ ಪರದೆಗೆ ತೊಂದರೆ ಆಗಬಹುದು. ಹಾಗಾಗಿ ಶುರುವಿನಲ್ಲೇ ಒಮ್ಮೆ ಕಣ್ಣು ಪರೀಕ್ಷೆ, ಐದು ವರ್ಷದ ಮೇಲೆ ಪ್ರತಿ ವರ್ಷ. ಬೀಡಿ ಸಿಗರೇಟು ಸೇದುವವರಲ್ಲಿ ಈ ಕಾಯಿಲೆ ಹತೋಟಿಗೆ ಬರುವುದು ಕಷ್ಟ.

ಗುಳಿಗೆ ಕೆಲಸ ಶುರು ಮಾಡುವವರೆಗೆ ಕಾಯುವ ಹಾಗಿಲ್ಲ. ಅದಕ್ಕೇ ಕಲೆಗೆ ಹಚ್ಚಲು ಕ್ಲೊಬೆಟಾಸಾಲ್ ಅನ್ನೋ ಸ್ಟೆರಾಯ್ಡ್ ಲೋಷನ್ ಕೊಟ್ಟಿದ್ದರು. ಕೆಲವು ವಾರಕ್ಕೊಮ್ಮೆ ಅಂಚಿನ ಉರಿಯುವ ಜಾಗಕ್ಕೆ ಸ್ಟೆರಾಯ್ಡ್ ಸೂಜಿಯನ್ನೂ ಹಾಕಿದರು. ಮೊದಲು ಹಚ್ಚಿದ್ದೂ ಸ್ಟೆರಾಯ್ಡೇ ಅಲ್ವಾ ಅಂತ ಕೇಳಬಹುದು. ಆಗ ಕಾಯಿಲೆ ಯಾವುದು, ಎಷ್ಟು ದಿನ ಹಚ್ಚಬೇಕು ಅನ್ನೋದು ಯಾರಿಗೂ ಗೊತ್ತಿರಲಿಲ್ಲ.

ಕಷ್ಟವಾದದ್ದು ಬಿಸಿಲು. ದಿನವಿಡೀ ತಲೆ ಮೇಲೆ ಸಿಂಬಿ ಇಟ್ಟು ಬುಟ್ಟಿ ಹೊರುವವರಿಗೆ ನೆರಳಲ್ಲಿರಿ ಅಂತ ಹೇಳುವುದು ಸುಲಭ, ಕೂಲಿ ಯಾರು ಕೊಡುತ್ತಾರೆ? ಸಿಂಬಿಯ ಉಜ್ಜಾಟವೂ ಕಲೆ ಎಬ್ಬಿಸುತ್ತದೆ. ಮೇಸ್ತ್ರಿಗೆ ಚೀಟಿ ತೋರಿಸಿ, ಅಕ್ಕ ಒಳಗಿನ ಗಿಲಾವು ಕೆಲಸಕ್ಕೆ ಬದಲಾದರು. ಹೊರಗೆ ಹೋಗುವಾಗ ತೆಳು ಸೆರಗು ಸಾಲದು, ಬೆವರಿಗೆ ತೊಯ್ದರೆ ಇನ್ನೂ ಸಾಲದು. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಬೆಳಕು ತೂರಿ ಬಂದರೆ ಬಿಸಿಲೂ ತೂರುತ್ತದೆ. ಅವರು ಗಾಢ ಬಣ್ಣದ ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಕಿವಿ ಮುಚ್ಚುವಂತೆ ಕಟ್ಟುತ್ತಾರೆ. ಕಿವಿ, ಹಣೆ, ಬೈತಲೆಗೆ ಸನ್‌ಸ್ಕ್ರೀನ್. ಮಳೆಗಾಲದ ಮೋಡವನ್ನು ನಂಬಬೇಡಿ, ಕಿರಣ ಅದನ್ನೂ ದಾಟುತ್ತದೆ. ಕಡಲ ದಂಡೆಯಲ್ಲಿ ಮರಳಿನಿಂದಲೂ ಪುಟಿಯುತ್ತದೆ. ಬಣ್ಣ ಹೋದ ಹಳೆಯ ಕಲೆಗೆ ಈ ಕಾಪು ಕೊನೆತನಕ ಬೇಕು. ವರ್ಷಗಳ ನಂತರ ಅಲ್ಲಿ ಮಾಯದ ಹುಣ್ಣೋ ಗಂಟೋ ಎದ್ದರೆ ಚರ್ಮದ ಕ್ಯಾನ್ಸರ್ ಇರಬಹುದು, ತಡ ಮಾಡದೆ ತೋರಿಸಬೇಕು.

ಪ್ರತಿ ತಿಂಗಳ ಮೊದಲ ಭಾನುವಾರ ಮಗ ಒಂದು ರೂಪಾಯಿ ನಾಣ್ಯ ಪಕ್ಕಕ್ಕಿಟ್ಟು, ಅದೇ ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆಯುತ್ತಾನೆ. ಆರನೇ ಫೋಟೋದಲ್ಲಿ ನಡುವಿನ ಬಿಳಿ ಜಾಗ ಹಾಗೇ ಇದೆ, ನಾಣ್ಯಕ್ಕಿಂತ ತುಸು ದೊಡ್ಡದು. ಅಂಚು ಮುಂದೆ ಸರಿದಿಲ್ಲ. ಕಿವಿಯ ಹಿಂದೆ ತಡವಾಗಿ ಎದ್ದಿದ್ದ ಇನ್ನೊಂದು ಕಲೆಯಲ್ಲಿ ಕೂದಲ ರಂಧ್ರಗಳು ಇನ್ನೂ ಮುಚ್ಚಿರಲಿಲ್ಲ. ಅಲ್ಲಿ ಈಗ ಬೆರಳಿಗೆ ತಾಗುವಷ್ಟು ಕೂದಲು ಬಂದಿದೆ. ಅಕ್ಕ ಬೈತಲೆಯನ್ನು ಎಡಕ್ಕೆ ಬದಲಿಸಿಕೊಂಡಿದ್ದಾರೆ.